ಬಾಕಿ ಕೇಳುವ ಬಗೆ

ಸ್ವಸಹಾಯ ಸಂಘದ ಪ್ರತಿನಿಧಿಯಾದವರಿಗೆ ಲೆಕ್ಕ ಬರೆಯುವುದು ಆರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಪಕ್ಕದ ಬೀದಿಯ ಅಕ್ಕನ ಹತ್ತಿರ ಇನ್ನೂರು ರೂಪಾಯಿ ಬಾಕಿ ಕೇಳುವುದು ಮಾತ್ರ ವರ್ಷಗಳು ಕಳೆದರೂ ಕಷ್ಟವೇ. ಕೇಳಿದರೆ ಮನಸ್ಸು ಮುರಿಯುತ್ತದೆ ಎಂಬ ಅಂಜಿಕೆ ಒಂದು ಕಡೆ, ಕೇಳದಿದ್ದರೆ ಸರಿಯಾಗಿ ಕಟ್ಟುವ ಉಳಿದವರು ಏನೆಂದುಕೊಂಡಾರು ಎಂಬ ಚಿಂತೆ ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಬಹಳಷ್ಟು ಪ್ರತಿನಿಧಿಗಳು ಎರಡು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಒಂದು ದಿನ ಸಭೆಯಲ್ಲಿ ಎಲ್ಲರೆದುರು ಜೋರಾಗಿ ಕೇಳಿಬಿಡುತ್ತಾರೆ. ಸುಮ್ಮನಿದ್ದದ್ದರಿಂದ ಬಾಕಿ ಬೆಳೆಯಿತು, ಜೋರು ಮಾಡಿದ್ದರಿಂದ ಆಕೆ ಮುಂದಿನ ಸಭೆಗೆ ಬರಲಿಲ್ಲ. ನಷ್ಟ ಎರಡು ಕಡೆಯಿಂದಲೂ ಆಯಿತು.

ಒಬ್ಬರ ಇನ್ನೂರು ರೂಪಾಯಿ ತಡವಾದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಹದಿನೈದು ಜನರ ಒಂದು ಸಂಘ ಇದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ತಲಾ 200 ರೂಪಾಯಿ ಉಳಿತಾಯ, ಅಂದರೆ 3,000. ಒಳಗಿನ ಸಾಲ ಒಟ್ಟು 35,000 ರೂಪಾಯಿ ಹೊರಗಿದೆ, ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಹೀಗಾಗಿ ಬಡ್ಡಿಯಿಂದ 700 ಬರಬೇಕು, ಸಾಲದ ಕಂತುಗಳಿಂದ 6,500. ಸಭೆ ಮುಗಿಯುವ ಹೊತ್ತಿಗೆ ಪೆಟ್ಟಿಗೆಯಲ್ಲಿ 10,200 ಇರಬೇಕು. ಜೂನ್ ತಿಂಗಳು, ಇಬ್ಬರು ಸಾಲ ಕೇಳಿದ್ದಾರೆ. ಒಬ್ಬರಿಗೆ ಮಗಳ ಶಾಲೆಯ ಫೀಸಿಗೆ 6,000, ಇನ್ನೊಬ್ಬರಿಗೆ ಗಂಡನ ಚಿಕಿತ್ಸೆಗೆ 4,000. ಲೆಕ್ಕ ಸರಿಯಾಗಿ ಹೊಂದುತ್ತದೆ.

ಆದರೆ ಆ ದಿನ ನಾಲ್ವರ ಉಳಿತಾಯ ಬರಲಿಲ್ಲ. ಅವರಲ್ಲಿ ಇಬ್ಬರು ಬಡ್ಡಿ ಮಾತ್ರ ಕಟ್ಟಿ 500 ರೂಪಾಯಿಯ ಕಂತನ್ನೂ ಮುಂದಕ್ಕೆ ಹಾಕಿದರು. ಪೆಟ್ಟಿಗೆಗೆ 1,800 ಕಡಿಮೆ ಬಿತ್ತು, ಇದ್ದದ್ದು 8,400. ಫೀಸಿನ 6,000 ಕೊಟ್ಟ ಮೇಲೆ ಉಳಿದದ್ದು 2,400. ಚಿಕಿತ್ಸೆಗೆ ಕೇಳಿದ ಆಕೆ ಅಷ್ಟನ್ನೇ ತೆಗೆದುಕೊಂಡು, ಕೊರತೆಯ 1,600ನ್ನು ಊರಿನ ಕೈಸಾಲದವರಲ್ಲಿ ನೂರಕ್ಕೆ ಐದರಂತೆ ತಂದರು. ಸಂಘದಲ್ಲಿ ಆ ಹಣಕ್ಕೆ ತಿಂಗಳಿಗೆ 32 ರೂಪಾಯಿ ಬಡ್ಡಿ ಆಗುತ್ತಿತ್ತು, ಹೊರಗೆ 80 ಆಯಿತು. ತಿಂಗಳಿಗೆ 48 ರೂಪಾಯಿ ಹೆಚ್ಚು, ಮೂರು ತಿಂಗಳು ಸಾಲ ನಿಂತರೆ 144.

ತಡ ಮಾಡಿದ ನಾಲ್ವರೂ ನಿಯಮದಂತೆ ತಲಾ ಹತ್ತು ರೂಪಾಯಿ ದಂಡ ಕಟ್ಟಿದರೂ ಸಂಘಕ್ಕೆ ಬಂದದ್ದು 40 ರೂಪಾಯಿ. ಅದೂ ಸಂಘದ ಪೆಟ್ಟಿಗೆಗೆ ಹೋಯಿತೇ ಹೊರತು ಹೊರಗೆ ಬಡ್ಡಿ ತೆತ್ತ ಆಕೆಯ ಕೈಗಲ್ಲ. ಕೊಡದವರ ತಡ ಅದರಲ್ಲಿ ಯಾವ ಪಾತ್ರವೂ ಇಲ್ಲದ ಇನ್ನೊಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಬಹಳ ಸಂಘಗಳಲ್ಲಿ ಈ ಕೊಂಡಿ ಯಾರ ಕಣ್ಣಿಗೂ ಬೀಳುವುದೇ ಇಲ್ಲ. ತಡ ಮಾಡಿದವರಿಗೆ ತಮ್ಮ ಇನ್ನೂರು ರೂಪಾಯಿ ಪೆಟ್ಟಿಗೆಯಲ್ಲಿ ಇವತ್ತು ಬಿದ್ದರೇನು, ಹತ್ತು ದಿನ ಬಿಟ್ಟು ಬಿದ್ದರೇನು ಅನ್ನಿಸುತ್ತದೆ. ಯಾರದೋ ಉಡಾಫೆಯಿಂದ ಹಾಗಾಗುವುದು ಕಡಿಮೆ. ಆ ಹಣ ಅದೇ ಸಂಜೆ ಇನ್ನೊಂದು ಮನೆಗೆ ಹೋಗಲಿಕ್ಕಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನೆನಪಿಸುವ ಮಾತಿನಲ್ಲಿ ಮೊದಲು ಇರಬೇಕಾದ ಸಂಗತಿ ಇದೇ.

ಸಂಘಗಳು ಹುಟ್ಟಿದ ರೀತಿಯಲ್ಲೂ ಈ ಮಾತಿಗೆ ಆಧಾರವಿದೆ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದಾಗ ದೊಡ್ಡ ಸಹಕಾರ ಸಂಘಗಳಲ್ಲಿ ಜನರಿಗೆ ನಂಬಿಕೆ ಹೋಗಿತ್ತು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಗುಂಪುಗಳಲ್ಲಿ ಅದೇ ಜನ ಉಳಿತಾಯ ಮಾಡಿದರು, ಸಾಲ ತೀರಿಸಿದರು. ಸಂಸ್ಥೆಯನ್ನು ಬಹುಕಾಲ ನಡೆಸಿದ ಅಲೋಷಿಯಸ್ ಫರ್ನಾಂಡಿಸ್ ಈ ಗುಂಪುಗಳ ಬಲ ಸದಸ್ಯರ ಪರಸ್ಪರ ಒಡನಾಟದಲ್ಲಿದೆ ಎಂದು ಒತ್ತಿ ಹೇಳಿದವರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಅಡಮಾನವಿಲ್ಲದೆ ಹತ್ತು ಹದಿನೈದು ಹೆಂಗಸರಿಗೆ ಬ್ಯಾಂಕು ಸಾಲ ಕೊಡಲು ಒಪ್ಪಿದ್ದು ಈ ಒಡನಾಟವನ್ನು ನಂಬಿ. ಬಾಕಿ ಕೇಳುವಾಗ ಒಡನಾಟ ಕೆಟ್ಟರೆ ಇನ್ನೂರು ರೂಪಾಯಿ ವಸೂಲಾಗಬಹುದು, ಸಂಘ ನಿಂತಿರುವ ನೆಲವೇ ಸಡಿಲವಾಗುತ್ತದೆ.

ಈಗ ತಡ ಯಾಕಾಗುತ್ತದೆ ಎಂಬುದಕ್ಕೆ ಬರೋಣ. ರಾಮನಗರ, ಮದ್ದೂರು ಕಡೆಯ ಒಂದು ಹಳ್ಳಿಯ ಸಂಘವನ್ನು ಕಣ್ಮುಂದೆ ತಂದುಕೊಳ್ಳಿ. ಐದು ಜನ ಗಾರ್ಮೆಂಟ್ಸಿಗೆ ಹೋಗುತ್ತಾರೆ. ನಾಲ್ವರ ಮನೆಯಲ್ಲಿ ಹಸುಗಳಿವೆ, ಡೇರಿಗೆ ಹಾಲು ಹಾಕುತ್ತಾರೆ. ಮೂವರದು ರೇಷ್ಮೆ, ಉಳಿದವರದು ಕೂಲಿ. ಸಂಘದ ಸಭೆ ಪ್ರತಿ ತಿಂಗಳು 5ನೇ ತಾರೀಕು. ಆ ತಾರೀಕನ್ನು ಯಾವತ್ತೋ ಯಾರೋ ಇಟ್ಟದ್ದು, ಹಾಗೇ ನಡೆದುಬಂದಿದೆ.

ಗಾರ್ಮೆಂಟ್ಸಿನಲ್ಲಿ ಸಂಬಳ ಆಗುವುದು ತಿಂಗಳ 7ರೊಳಗೆ. ವೇತನದ ಕಾನೂನಿನಿಂದ ಬಂದ ಗಡುವು ಅದು. ಹಾಗಿದ್ದ ಮೇಲೆ 5ನೇ ತಾರೀಕು ಅವರ ಕೈಯಲ್ಲಿ ಹಣ ಇರುವುದಾದರೂ ಹೇಗೆ? ಹಿಂದಿನ ತಿಂಗಳ ಸಂಬಳ ಅಷ್ಟು ದಿನ ಉಳಿದಿದ್ದರೆ ಅದು ಬೇರೆ ಮಾತು. ಹಾಲಿನವರಿಗೆ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಆಗುತ್ತದೆ, ಅವರಿಗೆ ಯಾವ ತಾರೀಕಾದರೂ ನಡೆಯುತ್ತದೆ. ರೇಷ್ಮೆಯವರದು ಬೇರೆಯೇ ಕಥೆ. ಹುಳು ಹಣ್ಣಾಗಿ, ಗೂಡು ಬಿಡಿಸಿ, ಮಾರುಕಟ್ಟೆಗೆ ಒಯ್ದ ದಿನ ಕೈಯಲ್ಲಿ ದೊಡ್ಡ ಮೊತ್ತ ಇರುತ್ತದೆ. ಮುಂದಿನ ಬೆಳೆಯವರೆಗೆ ಸೊಪ್ಪಿಗೂ ಆಳಿಗೂ ಖರ್ಚು ಮಾತ್ರ. ಬೆಳೆ ಕೈಕೊಟ್ಟರೆ ಎರಡು ತಿಂಗಳು ಪೂರ್ತಿ ಖಾಲಿ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನೇ ಉಳಿತಾಯಕ್ಕೆ ತೆಗೆದಿಟ್ಟವರಿಗೆ ಅದು ಖಾತೆಗೆ ಬೀಳುವ ದಿನವೇ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಆದ್ದರಿಂದ ಯಾರನ್ನಾದರೂ ತಡ ಮಾಡುವವರೆಂದು ಎಣಿಸುವ ಮೊದಲು ಪ್ರತಿನಿಧಿ ಮಾಡಬೇಕಾದ ಕೆಲಸ ಒಂದಿದೆ. ಉಳಿತಾಯದ ಲೆಡ್ಜರ್ ತೆಗೆದು ಹಿಂದಿನ ಆರು ತಿಂಗಳಲ್ಲಿ ತಡವಾಗಿ ಬಂದ ಹಣ ಯಾವ ತಾರೀಕಿಗೆ ಬಂದಿದೆ ಎಂದು ನೋಡಬೇಕು. ಪ್ರತಿ ಸಲವೂ 8ರಿಂದ 12ರ ಒಳಗೆ ಬಂದಿದ್ದರೆ ಆಕೆಗೆ ಉಳಿಸುವ ಮನಸ್ಸಿದೆ, ತಾರೀಕು ತಪ್ಪಿದೆ. ಅಂಥವರಿಗೆ ಎಷ್ಟು ಸಲ ನೆನಪಿಸಿದರೂ ಪ್ರಯೋಜನವಿಲ್ಲ, ಸಭೆಯನ್ನೇ ಬದಲಿಸಬೇಕು. ಮೇಲಿನ ಸಂಘ ತಿಂಗಳ ಎರಡನೇ ಭಾನುವಾರಕ್ಕೆ ಸಭೆ ಇಟ್ಟುಕೊಂಡರೆ ಅದು 8ರಿಂದ 14ರ ನಡುವೆ ಬೀಳುತ್ತದೆ, ಗಾರ್ಮೆಂಟ್ಸಿಗೂ ರಜೆ. ಭಾನುವಾರ 8ಕ್ಕೋ 9ಕ್ಕೋ ಬಿದ್ದ ತಿಂಗಳು ಸಂಬಳ ತಡವಾದವರಿಗೆ ಆಗಲೂ ಒಂದೆರಡು ದಿನ ಕಡಿಮೆ ಬೀಳಬಹುದು. ಆ ತಿಂಗಳಿಗೆ 12ರವರೆಗೆ ದಂಡವಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆದರೆ ಮುಗಿಯಿತು.

ಲೆಡ್ಜರ್ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವು ಸಲ ಬಾಕಿ ಬಾಕಿಯೇ ಆಗಿರುವುದಿಲ್ಲ. ಡೇರಿ ಹತ್ತಿರವೋ ಬಸ್ಸಿನಲ್ಲೋ ಸಿಕ್ಕಾಗ ಆಕೆ ಹಣ ಕೊಟ್ಟಿರುತ್ತಾರೆ, ಅದನ್ನು ಬರೆಯುವುದು ಮರೆತುಹೋಗಿರುತ್ತದೆ. ಫೋನಿನಲ್ಲಿ ಪ್ರತಿನಿಧಿಯ ಸ್ವಂತ ಖಾತೆಗೆ ಕಳಿಸಿದ ಹಣ ಮನೆಖರ್ಚಿನ ಜೊತೆ ಬೆರೆತು ಹೋಗಿರುವುದೂ ಉಂಟು. ಅಂಥವರ ಮುಂದೆ ಹೋಗಿ ಬಾಕಿ ಕೇಳಿ, ಕೊಟ್ಟಿದ್ದೆನಲ್ಲ ಎಂಬ ಉತ್ತರ ಬಂದರೆ ಆ ಒಂದು ಮಾತಿಗೆ ಇಡೀ ಸಂಘದ ಲೆಕ್ಕದ ಮೇಲೆ ಅನುಮಾನ ಹುಟ್ಟುತ್ತದೆ. ಸಭೆಯ ಹೊರಗೆ ಹಣ ತೆಗೆದುಕೊಳ್ಳದಿರುವುದು ಒಳ್ಳೆಯದು. ತೆಗೆದುಕೊಳ್ಳಲೇಬೇಕಾದರೆ ಅಲ್ಲೇ ಆಕೆಯ ಪಾಸ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು, ಪಾಸ್‌ಬುಕ್ ಇಲ್ಲದಿದ್ದರೆ ಚೀಟಿ ಬರೆದು ಕೊಡಬೇಕು. ಫೋನಿನಲ್ಲಿ ಕಳಿಸುವುದಿದ್ದರೆ ಸಂಘದ ಜಂಟಿ ಖಾತೆಗೇ ಕಳಿಸಲು ಹೇಳಬೇಕು.

ಇಷ್ಟು ಮಾಡಿದ ಮೇಲೆ ನೆನಪಿಸುವ ಮಾತು. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಅವನ್ನು ಬೆರೆಸಬಾರದು. ಮೊದಲನೆಯದು ಸಭೆಗೆ ಮೂರು ದಿನ ಮುಂಚೆ ಎಲ್ಲರಿಗೂ ಹೋಗುವ ಸಂದೇಶ. ಇದು ಸರಿಯಾಗಿ ಕಟ್ಟುವವರಿಗೂ ತಡ ಮಾಡುವವರಿಗೂ ಒಂದೇ. ವಾಟ್ಸಾಪ್ ಗುಂಪಿನಲ್ಲಿ ಹಾಕುವುದಾದರೆ ಹೀಗೆ ಬರೆಯಬಹುದು:

“ಅಕ್ಕಂದಿರೇ, ಈ ತಿಂಗಳ ಸಭೆ ಭಾನುವಾರ ಸಂಜೆ 6 ಗಂಟೆಗೆ, ಅಂಗನವಾಡಿಯಲ್ಲಿ. ಉಳಿತಾಯ 200 ರೂಪಾಯಿ. ಸಾಲ ಇರುವವರು ಕಂತು, ಬಡ್ಡಿ ಜೊತೆ ಪಾಸ್‌ಬುಕ್ ತನ್ನಿ. ಈ ಸಲ ಇಬ್ಬರು ಸಾಲ ಕೇಳಿದ್ದಾರೆ, ಎಲ್ಲರದೂ ಬಂದರೆ ಇಬ್ಬರಿಗೂ ಪೂರ್ತಿ ಕೊಡಬಹುದು. ಯಾರಿಗಾದರೂ ಭಾನುವಾರಕ್ಕೆ ಹೊಂದಿಸಲು ಆಗದಿದ್ದರೆ ಶನಿವಾರದೊಳಗೆ ನನಗೆ ಫೋನ್ ಮಾಡಿ, ಯಾವತ್ತು ಕೊಡುತ್ತೀರಿ ಅಂತ ಹೇಳಿ. ಅದನ್ನು ನೋಡಿಕೊಂಡು ಸಾಲದ ಲೆಕ್ಕ ಮಾಡೋಣ.”

ಓದಲು ಬಾರದವರಿಗೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು. ದೊಡ್ಡ ಫೋನ್ ಇಲ್ಲದವರಿಗೆ ಹೋಗಿ ಹೇಳಬೇಕು. ಸಾಲ ಕೇಳಿದವರ ಹೆಸರು ಸಂದೇಶದಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಯಾರ ಮನೆಯಲ್ಲಿ ಏನು ಕಷ್ಟ ಎಂಬುದು ಸಭೆಯಲ್ಲಿ ಅವರೇ ಹೇಳಿಕೊಳ್ಳಬೇಕಾದದ್ದು. ಈ ಸಂದೇಶದ ತಿರುಳು ಕೊನೆಯ ಎರಡು ಸಾಲಿನಲ್ಲಿದೆ. ಹಣ ಇಲ್ಲದವರಿಗೂ ಮರ್ಯಾದೆಯಿಂದ ಮಾಡಬಹುದಾದ ಒಂದು ಕೆಲಸವನ್ನು ಅದು ಕೊಡುತ್ತದೆ, ತಾರೀಕು ಹೇಳುವ ಕೆಲಸ. ಶನಿವಾರವೇ ತಾರೀಕು ಗೊತ್ತಾದರೆ ಸಾಲ ಕೇಳಿದವರಿಗೂ ನಿಜ ಹೇಳಬಹುದು: ಇವತ್ತು ಇಷ್ಟು, ಉಳಿದದ್ದು ಗುರುವಾರ. ಆಗ ಮೇಲೆ ಹೇಳಿದ 1,600 ರೂಪಾಯಿಗಾಗಿ ಆಕೆ ಕೈಸಾಲದವರ ಮನೆಗೆ ಹೋಗಬೇಕಾಗಿರಲಿಲ್ಲ, ನಾಲ್ಕು ದಿನ ತಡೆದುಕೊಂಡರೆ ಸಾಕಿತ್ತು.

ಗುಂಪಿನ ಸಂದೇಶದಲ್ಲಿ ಸೇರಿಸಲೇಬಾರದ ಒಂದು ಸಾಲಿದೆ. “ಕೆಲವರು ಪ್ರತಿ ತಿಂಗಳೂ ತಡ ಮಾಡುತ್ತಿದ್ದೀರಿ, ಯಾರೆಂದು ಅವರಿಗೇ ಗೊತ್ತು” ಎಂಬುದು. ಹೆಸರು ಹೇಳಲಿಲ್ಲವಾದ್ದರಿಂದ ಇದು ನಯವಾದ ಮಾತು ಎಂದು ಬರೆದವರಿಗೆ ಅನ್ನಿಸಬಹುದು. ಓದಿದವರಲ್ಲಿ ಒಮ್ಮೆ ಮಾತ್ರ ತಡ ಮಾಡಿದ್ದ ಹೆಂಗಸು ತನಗೇ ಹೇಳಿದ್ದೆಂದು ನೊಂದುಕೊಳ್ಳುತ್ತಾಳೆ. ಸರಿಯಾಗಿ ಕಟ್ಟುವವರು ಯಾರಿರಬಹುದು ಎಂದು ಬೀದಿಯಲ್ಲಿ ಮಾತಾಡಿಕೊಳ್ಳುತ್ತಾರೆ. ನಿಜವಾಗಿ ಯಾರಿಗೆ ಹೇಳಬೇಕಿತ್ತೋ ಅವರಿಗೆ ಅದು ತಾಗುವುದೂ ಇಲ್ಲ. ಬಾಕಿಯವರ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದಂತೂ ಇನ್ನೂ ಕೆಟ್ಟದ್ದು. ಆ ಫೋನನ್ನು ಮನೆಯಲ್ಲಿ ಗಂಡ, ಮಕ್ಕಳು, ಅತ್ತೆ ಎಲ್ಲರೂ ನೋಡುತ್ತಾರೆ.

ಎರಡನೆಯ ಕೆಲಸ ಒಬ್ಬರೊಡನೆ ಒಬ್ಬರು ಕೂತು ಆಡುವ ಮಾತು. ಇದು ಎರಡನೇ ತಿಂಗಳು ತಪ್ಪಿದ ಕೂಡಲೇ ಆಗಬೇಕು. ಎರಡು ತಿಂಗಳಿಗೆ ಬಾಕಿ 400. ಸುಮ್ಮನಿದ್ದರೆ ಮೂರನೇ ಸಭೆಗೆ ಆಕೆ ಆ ತಿಂಗಳದ್ದೂ ಸೇರಿ 600, ಜೊತೆಗೆ 20 ರೂಪಾಯಿ ದಂಡ ತರಬೇಕು. 200 ಹೊಂದಿಸಲಾಗದವರಿಗೆ 620 ಎಲ್ಲಿಂದ ಬರಬೇಕು? ಅಲ್ಲಿಂದ ಮುಂದೆ ಆಕೆ ಸಭೆಗೇ ಬರುವುದಿಲ್ಲ. ಬಾಕಿ ಗಟ್ಟಿಯಾಗುತ್ತಿದೆ ಎಂಬ ಸುಳಿವು ಲೆಡ್ಜರಿಗಿಂತ ಮೊದಲು ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಮೊದಲು ತಡವಾಗಿ ಬರುತ್ತಾರೆ, ಆಮೇಲೆ ಹಣವನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಾರೆ, ಆಮೇಲೆ ಹಣವೂ ಇಲ್ಲ, ಜನವೂ ಇಲ್ಲ. ಪಕ್ಕದ ಮನೆಯವರ ಕೈಯಲ್ಲಿ ಹಣ ಬಂದ ತಿಂಗಳೇ ಹೋಗಿ ಮಾತಾಡಿಸುವುದು ಒಳ್ಳೆಯದು.

ಎಲ್ಲಿ ಮಾತಾಡಬೇಕು ಎಂಬುದು ಏನು ಮಾತಾಡಬೇಕು ಎಂಬಷ್ಟೇ ಮುಖ್ಯ. ನೀರಿನ ನಲ್ಲಿಯ ಬಳಿ ಬೇಡ, ಡೇರಿಯ ಸಾಲಿನಲ್ಲಿ ಬೇಡ. ಆಕೆಯ ಮನೆಯ ಜಗಲಿಯಲ್ಲಿ ಗಂಡನ ಎದುರಿಗೂ ಬೇಡ. ಎಷ್ಟೋ ಮನೆಗಳಲ್ಲಿ ಹೆಂಗಸಿನ ಉಳಿತಾಯ ಎಷ್ಟು, ಸಾಲ ಎಷ್ಟು ಎಂಬುದು ಗಂಡನಿಗೆ ಪೂರ್ತಿ ಗೊತ್ತಿರುವುದಿಲ್ಲ. ಆಕೆ ತೆಗೆದಿಟ್ಟ ಹಣವನ್ನು ಆತನೇ ತೆಗೆದುಕೊಂಡು ಹೋಗಿರುವುದೂ ಇರುತ್ತದೆ. ಅಲ್ಲಿ ಬಾಯಿಬಿಟ್ಟರೆ ನಾವು ಎದ್ದು ಬಂದ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತದೋ ನಮಗೆ ತಿಳಿಯದು. ಮಕ್ಕಳ ಕೈಯಲ್ಲಿ ಹೇಳಿ ಕಳಿಸುವುದೂ ಅಷ್ಟೇ ತಪ್ಪು. ಹೊಲದ ದಾರಿಯಲ್ಲಿ ಜೊತೆಗೆ ನಡೆಯುವಾಗ, ಅಥವಾ ಆಕೆ ಒಬ್ಬರೇ ಇರುವ ಮಧ್ಯಾಹ್ನದ ಹೊತ್ತು ಸರಿ. ಮಾತು ಹೀಗಿರಬಹುದು:

“ಅಕ್ಕ, ಲೆಕ್ಕ ನೋಡ್ತಿದ್ದೆ, ನಿಮ್ದು ಎರಡು ತಿಂಗಳ ಉಳಿತಾಯ 400 ನಿಂತಿದೆ. ನಿಮ್ಮ ಪಾಸ್‌ಬುಕ್ಕಲ್ಲೂ ಹಂಗೇ ಇದ್ಯಾ, ಒಂದ್ಸಲ ನೋಡಿ. ಒಂದೇ ಸಲ ಕೊಡಿ ಅಂತಿಲ್ಲ. ಈ ಭಾನುವಾರ ಈ ತಿಂಗಳದ್ದು 200 ತನ್ನಿ. ಹಳೇದನ್ನ ತಿಂಗಳಿಗೆ ನೂರರಂತೆ ನಾಲ್ಕು ತಿಂಗಳಲ್ಲಿ ತೀರಿಸ್ಕೊಳ್ಳೋಣ. ನಿಮ್ಗೆ ಯಾವ ದಿನ ಅನುಕೂಲ ಹೇಳಿ, ಅದನ್ನೇ ಬರ್ಕೋತೀನಿ. ದುಡ್ಡು ಇಲ್ದೆ ಇದ್ರೂ ಸಭೆಗೆ ಮಾತ್ರ ಬನ್ನಿ.”

ವಯಸ್ಸಾದವರಾದರೆ ಅಕ್ಕ ಎಂಬಲ್ಲಿ ಅಮ್ಮ. ಇಲ್ಲಿ ಯಾಕೆ ತಡವಾಯಿತು ಎಂಬ ಪ್ರಶ್ನೆ ಇಲ್ಲ. ಕಾರಣ ಕೇಳಿದರೆ ಆಕೆ ಒಂದೋ ಕಷ್ಟವನ್ನು ಹರವಿಕೊಳ್ಳಬೇಕು, ಇಲ್ಲವೇ ಸುಳ್ಳು ಹೇಳಬೇಕು. ಹೇಳಬೇಕೆನಿಸಿದರೆ ತಾವೇ ಹೇಳುತ್ತಾರೆ. ನಮಗೆ ಬೇಕಾದದ್ದು ಮೊತ್ತ ಮತ್ತು ತಾರೀಕು. ಪ್ರಸ್ತುತ ತಿಂಗಳದ್ದನ್ನು ಮೊದಲು ಕೇಳಿದ್ದಕ್ಕೂ ಅರ್ಥವಿದೆ. ಹಳೆಯದನ್ನು ಮೊದಲು ತೀರಿಸಲು ಹೊರಟರೆ ಪ್ರತಿ ತಿಂಗಳೂ ಹೊಸ ಬಾಕಿ ಹುಟ್ಟಿ, ಎಷ್ಟು ಕಟ್ಟಿದರೂ ಬಾಕಿಯವಳೆಂಬ ಹೆಸರು ಹೋಗುವುದಿಲ್ಲ.

ಮರ್ಯಾದೆಯಿಂದ ಕೇಳುವುದೆಂದರೆ ನಿಯಮ ಬಿಟ್ಟುಕೊಡುವುದಲ್ಲ. ಮರುಕ ಪಟ್ಟು ಪ್ರತಿನಿಧಿಯೇ ತನ್ನ ಕೈಯಿಂದ 200 ರೂಪಾಯಿ ಹಾಕಿ, ಪುಸ್ತಕದಲ್ಲಿ ಆಕೆ ಕಟ್ಟಿದಳೆಂದು ಬರೆಯುವುದು ಬಹಳ ಕಡೆ ನಡೆಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಪುಸ್ತಕ ಅಂದವಾಗಿರುತ್ತದೆ, ಸಂಘದೊಳಗೆ ಯಾರಿಗೂ ಕಾಣದ ಒಂದು ಕೈಸಾಲ ಬೆಳೆಯುತ್ತದೆ. ಮುಂದೊಂದು ದಿನ ಆ ಇಬ್ಬರ ನಡುವೆ ಮಾತು ಬಂದಾಗ ಇಡೀ ಸಂಘ ಎರಡು ಪಕ್ಷವಾಗುತ್ತದೆ. ಬ್ಯಾಂಕಿನವರು ಸಾಲಕ್ಕೆ ಮುಂಚೆ ನೋಡುವುದು ಪಂಚಸೂತ್ರಗಳನ್ನು: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ. ಕನಿಷ್ಠ ಆರು ತಿಂಗಳು ಸಂಘ ಹೀಗೆ ನಡೆದಿದೆಯೇ ಎಂಬುದನ್ನು ಅವರು ಈ ಪುಸ್ತಕಗಳಿಂದಲೇ ತಿಳಿಯುತ್ತಾರೆ. ಇಬ್ಬರು ಮೂವರ ಬಾಕಿ ಇದ್ದು, ಅದು ಇದ್ದ ಹಾಗೆ ಬರೆದ ಪುಸ್ತಕ, ಪ್ರತಿ ತಿಂಗಳೂ ಎಲ್ಲರೂ ಕಟ್ಟಿದರೆಂದು ಒಂದೇ ಶಾಯಿಯಲ್ಲಿ ಬರೆದ ಪುಸ್ತಕಕ್ಕಿಂತ ನಂಬಿಕೆಗೆ ಅರ್ಹ.

ಇನ್ನೊಂದು ಬಗೆಯವರಿದ್ದಾರೆ. ಅವರಿಗೆ ಕಷ್ಟವಿಲ್ಲ. ಆ ಇನ್ನೂರು ಇನ್ನೆಲ್ಲೋ ಚೀಟಿಯಲ್ಲಿ ತೊಡಗಿರುತ್ತದೆ, ಸಂಘಕ್ಕೆ ಆಮೇಲೆ ಕೊಟ್ಟರಾಯಿತು ಎಂಬ ಲೆಕ್ಕ. ಇವರೊಂದಿಗೂ ಕಟುವಾಗಿ ಮಾತಾಡಬೇಕಿಲ್ಲ, ನಿಯಮವೇ ಮಾತಾಡಲಿ. ಇಬ್ಬರು ಏಕಕಾಲಕ್ಕೆ ಸಾಲ ಕೇಳಿದಾಗ ಹಿಂದಿನ ಆರು ತಿಂಗಳು ಉಳಿತಾಯ ಸರಿಯಾಗಿ ಕಟ್ಟಿದವರಿಗೆ ಮೊದಲು, ಆಸ್ಪತ್ರೆಯ ಖರ್ಚು ಇದಕ್ಕೆ ಹೊರತು, ಎಂದು ಎಲ್ಲರೂ ಒಪ್ಪಿ ನಡಾವಳಿಯಲ್ಲಿ ಬರೆಯಬೇಕು. ಯಾರದೂ ಬಾಕಿ ಇಲ್ಲದ ತಿಂಗಳು ಬರೆದರೆ ಮಾತ್ರ ಇದು ನಿಯಮ ಎನಿಸುತ್ತದೆ. ಒಬ್ಬರ ಬಾಕಿ ನಿಂತಾಗ ಬರೆದರೆ ಅದು ಅವರ ಮೇಲಿನ ಕೋಪವಾಗಿ ಕಾಣುತ್ತದೆ.

ಹೇಗೆ ಕೇಳಿದರೂ ಕೊಡಲಾಗದವರೂ ಇರುತ್ತಾರೆ. ಬಾಣಂತನ, ಸಾವು, ಬೆಳೆ ಹೋದದ್ದು, ಕೆಲಸ ಹೋದದ್ದು. ಇಂಥ ಕಡೆ ಎರಡೋ ಮೂರೋ ತಿಂಗಳ ದಂಡ ಬಿಡಲು ಠರಾವು ಮಾಡಬಹುದು, ಉಳಿತಾಯದ ಬಾಕಿ ಮಾತ್ರ ಬಾಕಿಯೆಂದೇ ಇರಲಿ. ಹದಿನೈದರಲ್ಲಿ ಐದಾರು ಜನ ಮೇಲಿಂದ ಮೇಲೆ ತಡ ಮಾಡುತ್ತಿದ್ದರೆ ಆ ಊರಿಗೆ 200 ಎಂಬ ಮೊತ್ತವೇ ಹೆಚ್ಚಾಯಿತು ಎಂದು ತಿಳಿಯಬೇಕು. ಎಲ್ಲರಿಗೂ 100ಕ್ಕೆ ಇಳಿಸಿ, ಆಗುವವರು ಅದರ ಮೇಲೆ ಐಚ್ಛಿಕ ಉಳಿತಾಯ ಹಾಕಲಿ. ಐಚ್ಛಿಕ ಉಳಿತಾಯಕ್ಕೆ ಲೆಡ್ಜರಿನಲ್ಲಿ ಬೇರೆ ಅಂಕಣ ಇರಬೇಕು, ಇಲ್ಲದಿದ್ದರೆ ಲಾಭ ಹಂಚುವಾಗ ತಕರಾರು ಬರುತ್ತದೆ.

ಬಾಕಿ ಬಂದ ದಿನ ಅದನ್ನು ಉಳಿದವರ ಹಣದಂತೆಯೇ ಎಣಿಸಿ, ಬಂದ ತಾರೀಕನ್ನೇ ಬರೆಯಬೇಕು. ಹಳೆಯ ಸಭೆಯ ತಾರೀಕು ಹಾಕಿ ಮುಚ್ಚಬಾರದು. ಇವತ್ತಾದರೂ ಬಂತಲ್ಲ ಎಂದು ನಗುತ್ತಾ ಅಂದರೂ ಆ ಮಾತು ಬೇಡ. ದಂಡ ಇದ್ದರೆ ಎಷ್ಟೆಂದು ಹೇಳಿ ತೆಗೆದುಕೊಂಡು, ಪಾಸ್‌ಬುಕ್ಕಿನಲ್ಲಿ ಬರೆದು, ಆಕೆಯ ಕೈಗೆ ಕೊಟ್ಟು, ಮುಂದಿನವರ ಪಾಸ್‌ಬುಕ್ ತೆಗೆದುಕೊಳ್ಳುವುದು. ಪ್ರತಿನಿಧಿಯದೇ ಉಳಿತಾಯ ತಡವಾದ ತಿಂಗಳು ಅದೇ ಹತ್ತು ರೂಪಾಯಿ ದಂಡವನ್ನು ಎಲ್ಲರೆದುರು ಮೊದಲು ಕಟ್ಟಿ, ಅದನ್ನೂ ಬರೆಸುವುದು.